ಹೋಲಿಸಲು ಒಬ್ಬರು

ಸುರತ್ಕಲ್ ಕಡೆಯ ಒಂದು ಕೇಂದ್ರ ಸರಕಾರಿ ಕಾರ್ಖಾನೆಯ ಪಂಪ್‌ಹೌಸ್‌ನಲ್ಲಿ ನಾನು ಗುತ್ತಿಗೆಯ ಆಪರೇಟರ್. ಗುತ್ತಿಗೆದಾರರು ಎಷ್ಟೋ ಸಲ ಬದಲಾದರು, ನಾನು ಬದಲಾಗಲಿಲ್ಲ. ಹೊಸಬರು ಬಂದಾಗಲೆಲ್ಲ ಹೊಸ ಗೇಟ್‌ಪಾಸ್, ಅದಕ್ಕೊಂದು ಹೊಸ ಫೋಟೊ. ತಲೆ ಬೋಳಾದದ್ದು ಬಿಟ್ಟರೆ ಅಲ್ಲಿ ನಾನು ಕಂಡ ಪ್ರಗತಿ ಏನೂ ಇಲ್ಲ.

ಪಂಪ್‌ಹೌಸ್‌ಗೆ ನಾಲ್ವರು. ಮೂರು ಪಾಳಿಗೆ ಮೂವರು, ಅವರ ರಜೆಯ ದಿನಕ್ಕೆ ಇನ್ನೊಬ್ಬ. ಅದರಲ್ಲಿ ಮೂವರು ಗುತ್ತಿಗೆಯವರು, ಒಬ್ಬರು ಮಾತ್ರ ಕಾಯಂ. ಅವರನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣ ಪಾಳಿ ಮುಗಿಸಿ ಹೊರಟರೆ ಅದೇ ಪಂಪು, ಅದೇ ವಾಲ್ವು, ಅದೇ ಪ್ರೆಶರು ನನ್ನ ತಲೆಗೆ. ಪಂಪು ನಿಂತರೆ ಅವರಿಗೆ ಸಿಗುವ ಬೈಗುಳವೇ ನನಗೂ ಸಿಗುತ್ತಿತ್ತು, ಅದರಲ್ಲಿ ಭೇದ ಇರಲಿಲ್ಲ. ಸಂಬಳದಲ್ಲಿ ಮಾತ್ರ ನನ್ನದು ಅವರದರ ಮೂರರಲ್ಲೊಂದು ಪಾಲು.

ಕಾಯಂ ನೌಕರರು ಮಾಡುವ ಕೆಲಸವನ್ನೇ ಗುತ್ತಿಗೆಯವರು ಮಾಡಿದರೆ ಕೂಲಿಯ ದರವೂ ಅದೇ ಇರಬೇಕು ಎಂಬುದು ಗುತ್ತಿಗೆದಾರರ ಲೈಸೆನ್ಸಿನ ಷರತ್ತು. ಕೆಲಸ ಒಂದೇ ಹೌದೋ ಅಲ್ಲವೋ ಎಂದು ತಕರಾರು ಬಂದರೆ ತೀರ್ಮಾನಿಸುವವರು ಕೇಂದ್ರದ ಉಪ ಮುಖ್ಯ ಕಾರ್ಮಿಕ ಆಯುಕ್ತರು. ಮಂಗಳೂರಿನ ಹಂಪನಕಟ್ಟೆಯಲ್ಲಿದ್ದ ನಮ್ಮ ಯೂನಿಯನ್ನಿನ ವಕೀಲರು ಇದನ್ನು ಬಿಡಿಸಿ ಹೇಳಿದ ಮೇಲೆ ಮೂವರೂ ಅರ್ಜಿ ಹಾಕಿದೆವು. ಇವರು ಬರೀ ಸಹಾಯಕರು ಎಂದಿತು ಕಂಪೆನಿ. ವಾಯಿದೆಯ ಮೇಲೆ ವಾಯಿದೆ ಬಿತ್ತು. ಕೊನೆಗೆ ಆಯುಕ್ತರು, ತಾವೇ ಬಂದು ಕೆಲಸ ನೋಡುವುದಾಗಿ ಹೇಳಿದರು.

"ಆ ನಿಮ್ಮ ಅಣ್ಣನನ್ನು ಜೋಪಾನ ಮಾಡಿ ಮಾರಾಯ್ರೆ," ಎಂದರು ವಕೀಲರು. "ಹೋಲಿಸಿ ನೋಡ್ಲಿಕ್ಕೆ ಇರುವುದು ಅವರೊಬ್ಬರೇ."

ಜೋಪಾನ ಮಾಡಿದೆವು. ಅವರ ಬಿ.ಪಿ. ಮಾತ್ರೆ ನೆನಪಿಸಿದೆವು. ಸ್ಕೂಟರಿನಲ್ಲಿ ಹೆದ್ದಾರಿಗೆ ಇಳಿಯಬೇಡಿ ಎಂದು ಗೋಗರೆದೆವು. ಅಣ್ಣ ಸೀನಿದರೆ ನಮಗೆ ಜ್ವರ. ಅವರೂ ನಗುತ್ತಾ, "ನನ್ನ ಹೆಂಡತಿಗೂ ಇಷ್ಟು ಕಾಳಜಿ ಇಲ್ಲ ನನ್ನ ಮೇಲೆ," ಎನ್ನುತ್ತಿದ್ದರು. ಆಯುಕ್ತರ ಎದುರು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದರು.

ಆಯುಕ್ತರು ಬರುವ ಮುಂಚಿನ ತಿಂಗಳು ಅಣ್ಣ ನನ್ನನ್ನು ಕ್ಯಾಂಟೀನಿನ ಹಿಂದಕ್ಕೆ ಕರೆದರು.

"ಸೂಪರ್‌ವೈಸರ್ ಮಾಡಿದ್ದಾರೆ," ಎಂದರು. ಎಷ್ಟೋ ವರ್ಷಗಳಿಂದ ಅವರು ಕೇಳುತ್ತಲೇ ಇದ್ದ ಬಡ್ತಿ ಅದು. ನಿವೃತ್ತಿ ಹತ್ತಿರವಿತ್ತು, ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ. ಬಡ್ತಿ ಒಪ್ಪಿದರೆ ಅವರು ಪಂಪ್ ಆಪರೇಟರ್ ಅಲ್ಲ. ಆಗ ನಮ್ಮ ಕೆಲಸವನ್ನು ಯಾರ ಕೆಲಸಕ್ಕೆ ಹೋಲಿಸುವುದು? ಇಬ್ಬರಿಗೂ ಗೊತ್ತಿತ್ತು.

"ಈಗ ಎಂತ ಮಾಡುವುದು? ಬೇಡ ಅಂತ ಬರೆದು ಕೊಡ್ಲಾ? ನೀನು ಹೇಳು."

ಹೇಳು ಎಂದದ್ದೇ ತಪ್ಪಾಯಿತು. ತಾವಾಗಿಯೇ ಬೇಡ ಎಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ತಾವಾಗಿಯೇ ಒಪ್ಪಿದ್ದರೆ ಒಂದು ವಾರ ಬೈದುಕೊಂಡು ಸುಮ್ಮನಾಗುತ್ತಿದ್ದೆ. ನನ್ನ ಮಗಳ ನರ್ಸಿಂಗ್ ಸೀಟು, ನಮ್ಮ ಮೂರು ಮನೆಗಳ ಕನಸು ಎಲ್ಲ ಅವರ ಒಂದು ಸಹಿಯ ಮೇಲೆ ನಿಂತಿತ್ತು. ಆದರೆ ಒಬ್ಬ ಮನುಷ್ಯನ ಬಾಯಿಗೆ ಬಂದ ತುತ್ತನ್ನು ಬಿಡಿ ಎಂದು ಹೇಗೆ ಕೇಳುವುದು? ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು.

"ತಗೊಳ್ಳಿ ಅಣ್ಣ," ಎಂದೆ.

ನಾನು ಚಾ ತರಲು ಒಳಗೆ ಹೋದೆ.

ಅಣ್ಣನ ಜಾಗಕ್ಕೆ ಗುತ್ತಿಗೆದಾರರು ಮರುವಾರವೇ ಹೊಸಬರೊಬ್ಬರನ್ನು ಹಾಕಿದರು. ನನಗಿಂತ ದೊಡ್ಡವರು, ಗಲ್ಫಿನ ಕೆಲಸ ಹೋಗಿ ಊರಿಗೆ ಮರಳಿದವರು. ಅವರಿಗೆ ಕೆಲಸ ಕಲಿಸಿದ್ದು ನಾನೇ.

ಆಯುಕ್ತರು ಬಂದರು. ಸಜ್ಜನರು, ನಮ್ಮನ್ನು ನಿಲ್ಲಿಸಿ ಸಮಾಧಾನದಲ್ಲಿ ಪ್ರಶ್ನೆ ಕೇಳಿದರು. ಆಮೇಲೆ ಮ್ಯಾನೇಜರರತ್ತ ತಿರುಗಿ, "ಇಲ್ಲಿ ಕಾಯಂ ಆಪರೇಟರ್ ಯಾರು?" ಎಂದರು.

"ಯಾರೂ ಇಲ್ಲ ಸರ್. ಇದು ಪೂರ್ತಿ ಗುತ್ತಿಗೆಯ ಕೆಲಸ."

ಹಿಂದೆ ನಿಂತಿದ್ದ ಅಣ್ಣ ಮುಂದೆ ಬಂದರು. ಮ್ಯಾನೇಜರರ ಕಣ್ಣೆದುರೇ, "ಕಳೆದ ತಿಂಗಳವರೆಗೆ ನಾನೇ ಇದ್ದೆ ಸರ್. ಇವರು ಮಾಡುವುದೂ ನಾನು ಮಾಡಿದ್ದೂ ಒಂದೇ," ಎಂದರು. ಆಯುಕ್ತರು ಬರೆದುಕೊಂಡರು. ಆ ಕ್ಷಣ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರು ಕೊಟ್ಟ ಮಾತು ಉಳಿಸಿಕೊಂಡರು, ನಮಗೆ ಅದು ಸಾಕಾಗಲಿಲ್ಲ ಅಷ್ಟೆ.

ಆದೇಶ ಬಂದಾಗ ಮಳೆಗಾಲ ಮುಗಿದಿತ್ತು. ತಪಾಸಣೆಯ ವೇಳೆ ಹೋಲಿಸಲು ಕಾಯಂ ನೌಕರರು ಇರಲಿಲ್ಲ, ಹಿಂದಿನ ಅವಧಿಗೆ ಒಬ್ಬರ ಹೇಳಿಕೆ ಬಿಟ್ಟು ಬೇರೆ ಸಾಕ್ಷ್ಯ ಇಲ್ಲ, ಅರ್ಜಿ ವಜಾ. ಹೈಕೋರ್ಟಿಗೆ ಹೋಗಬಹುದು ಎಂದರು ವಕೀಲರು. ಎಷ್ಟು ವರ್ಷ ಹಿಡಿಯುತ್ತದೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದು ಪಾಳಿ ಬದಲಾಗುವಾಗ ಹೊಸಬರು ನನ್ನ ಹತ್ತಿರ ಮೆಲ್ಲಗೆ ಕೇಳಿದರು:

"ನೀವೆಲ್ಲ ಹಳಬರು. ನಿಮಗೆ ಸಂಬಳ ನನಗಿಂತ ಜಾಸ್ತಿ ಉಂಟಲ್ಲ?"

"ಇಲ್ಲ," ಎಂದೆ. "ನಿಮಗೂ ನಮಗೂ ಒಂದೇ."