ಕುಣಿಯುತ್ತಿದ್ದ ಹಸಿರು ಗೆರೆ

ಕುಂಬ್ಡಾಜೆಯ ಜಯಂತ ನನ್ನ ಜೊತೆ ಒಂದೇ ತರಗತಿಯಲ್ಲಿ ಕಲಿತವನು. ಹತ್ತನೆಯದು ಮುಗಿಸಿ ಮದುವೆ ಮನೆಗಳಿಗೆ ಮೈಕು ಕಟ್ಟಲು ಹೊರಟ. ಮೈಕುಗಳಲ್ಲಿ ಒಂದು ಕುಂಯ್ ಎಂದು ಕೂಗಿದರೆ, ಯಾವುದು ಕೂಗಿತೆಂದು ಅಡುಗೆಯ ಚಪ್ಪರದಲ್ಲಿ ನಿಂತೇ ಹೇಳುತ್ತಿದ್ದ. ಆ ಕಿವಿಯೇ ಅವನಿಗೆ ಒಂದು ಸಣ್ಣ ಕಾಲೇಜಿನಲ್ಲಿ ಮೈಕು ನೋಡಿಕೊಳ್ಳುವ ಕೆಲಸ ಕೊಡಿಸಿತು.

ಕೊರೋನಾ ಕಾಲದಲ್ಲಿ, ಕಾರ್ಯಕ್ರಮವನ್ನು ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡುವ ಒಬಿಎಸ್ ಎಂಬ ಉಚಿತ ತಂತ್ರಾಂಶವನ್ನು ತಾನೇ ಕಲಿತ. ಮೂರು ಕ್ಯಾಮರಾಗಳಿಗೆ ಮೂರು ದೃಶ್ಯಗಳು: ಇಡೀ ವೇದಿಕೆ, ಹತ್ತಿರದ ಮುಖ, ಸಭೆ. ಒಂದು ಕೀಲಿ ಒತ್ತಿದರೆ ಒಂದು ದೃಶ್ಯ. ಸಭಾಂಗಣದ ಮೈಕುಗಳನ್ನೆಲ್ಲ ಕೂಡಿಸುವ ಮಿಕ್ಸರಿನಿಂದ ಧ್ವನಿ ಒಂದು ಸಣ್ಣ ಯುಎಸ್‌ಬಿ ಪೆಟ್ಟಿಗೆಯ ಮೂಲಕ ಲ್ಯಾಪ್‌ಟಾಪಿಗೆ ಬರುತ್ತಿತ್ತು.

ಐವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಕೆಲಸ ಬೇರೆಯವರ ಪಾಲಾದೀತೆಂಬ ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ. ಹೆಡ್‌ಫೋನು ತಲೆಯ ಮೇಲಿರುತ್ತಿತ್ತು. ನಂಬಿಕೆಯೆಲ್ಲ ಪರದೆಯಲ್ಲಿ ಏರಿಳಿಯುವ ಧ್ವನಿಯ ಗೆರೆಯ ಮೇಲೆ. ಕೆಂಪಿಗೆ ಹೋದರೆ ತಗ್ಗಿಸುವುದು, ಹಸಿರಿನಲ್ಲಿದ್ದರೆ ಸುಮ್ಮನಿರುವುದು. ಕರೆದರೆ ತಿರುಗದ ಅವನನ್ನು ಹುಡುಗರು "ಅಣ್ಣ ಸೈಲೆಂಟ್ ಮೋಡಿನಲ್ಲಿ ಇದ್ದಾರೆ ಮಾರಾಯ" ಎಂದು ನಗುತ್ತಿದ್ದರು. ಇದೆಲ್ಲ ಅವನು ನನಗೆ ಆಮೇಲೆ ಹೇಳಿದ್ದು.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಸೌಮ್ಯಶ್ರೀ ಎಂಬ ಹುಡುಗಿ ಹಾಡಿದಳು. ಅವಳ ತಂದೆ ದುಬಾಯಿಯ ಅಂಗಡಿಯಲ್ಲಿ ಒಂದು ಗಂಟೆ ಬಿಡುವು ಕೇಳಿಕೊಂಡು ನೇರ ಪ್ರಸಾರ ನೋಡಲು ಫೋನಿನ ಮುಂದೆ ಕುಳಿತಿದ್ದರು. ಹಾಡು ತೊಡಗುವ ಮೊದಲು ಯಾರೋ ಕುರ್ಚಿ ಎಳೆದಾಗ ಆ ಯುಎಸ್‌ಬಿ ಪೆಟ್ಟಿಗೆಯ ತಂತಿ ಸಡಿಲವಾಯಿತು. ಪೆಟ್ಟಿಗೆ ಕಾಣಿಸದೆ ಹೋದಾಗ, ಧ್ವನಿ ಎಲ್ಲಿಂದ ಎಂಬುದನ್ನು ಕಂಪ್ಯೂಟರಿನ ಆಯ್ಕೆಗೇ ಬಿಟ್ಟಿದ್ದ ಒಬಿಎಸ್ ಲ್ಯಾಪ್‌ಟಾಪಿನೊಳಗಿನ ಮೈಕನ್ನು ಹಿಡಿಯಿತು. ಪಕ್ಕದಲ್ಲೇ ದೊಡ್ಡ ಫ್ಯಾನು ತಿರುಗುತ್ತಿತ್ತು. ಹಸಿರು ಗೆರೆ ಮೊದಲಿನಂತೆಯೇ ಕುಣಿಯುತ್ತಿತ್ತು. ಶಬ್ದ ಎಷ್ಟಿದೆ ಎಂಬುದನ್ನು ಗೆರೆ ತೋರಿಸುತ್ತದೆ, ಯಾರದ್ದೆಂದು ತೋರಿಸುವುದಿಲ್ಲ.

ಜಯಂತ ಹುಡುಗಿಯ ಮುಖ, ಸಭೆ, ಮತ್ತೆ ಮುಖ ಎಂದು ಒಳ್ಳೆಯ ಲಯದಲ್ಲಿ ದೃಶ್ಯ ಬದಲಿಸುತ್ತ ಕುಳಿತ. ಹಾಡು ಮುಗಿಯುವ ಹೊತ್ತಿಗೆ ಉಪನ್ಯಾಸಕಿ ವಿಜೇತಾ ಫೋನು ಹಿಡಿದು ಓಡಿ ಬಂದಳು.

"ಜಯಂತಣ್ಣ, ಎಂತ ಇದು? ಫ್ಯಾನಿನ ಶಬ್ದ ಮಾತ್ರ ಬರ್ತಾ ಉಂಟಂತೆ! ಅವಳ ಅಪ್ಪ ಮೂರು ಸಲ ಮೆಸೇಜು ಹಾಕಿದ್ದಾರೆ."

"ಎಂತ ಇಲ್ಲ ಮೇಡಂ, ನೋಡಿ, ಹಸಿರು ಉಂಟಲ್ಲ."

ವಿಜೇತಾ ಅವನ ತಲೆಯಿಂದ ಹೆಡ್‌ಫೋನು ತೆಗೆದು ತನ್ನ ಕಿವಿಗಿಟ್ಟಳು. ಒಂದು ಕ್ಷಣ ಅವನ ಮುಖವನ್ನೇ ನೋಡಿದಳು.

"ಅಣ್ಣ... ನಿಮಗೆ ಕೇಳುವುದಿಲ್ವಾ?"

ಅವನು ತಲೆ ತಗ್ಗಿಸಿದ. ವಿಜೇತಾ ಬಗ್ಗಿ ತಂತಿಯನ್ನು ಒತ್ತಿ ಕೂರಿಸಿ, ಪರದೆಯ ಮೇಲಿನ ಮೈಕುಗಳ ಪಟ್ಟಿಯಿಂದ ಪೆಟ್ಟಿಗೆಯ ಹೆಸರನ್ನೇ ಆರಿಸಿದಳು. ಧ್ವನಿ ಸರಿಯಾಯಿತು, ಆಗ ವೇದಿಕೆಯಲ್ಲಿ ವಂದನಾರ್ಪಣೆ. ಕಂಪ್ಯೂಟರಿನಲ್ಲಿ ಉಳಿದ ವೀಡಿಯೋದಲ್ಲೂ ಹಾಡಿನ ಜಾಗದಲ್ಲಿ ಫ್ಯಾನೇ ತಿರುಗುತ್ತಿತ್ತು.

ಅವಳು ಹೆಡ್‌ಫೋನನ್ನು ಹಿಂದೆ ಕೊಡಲು ಹೋದಾಗ ಅವನು ಕೈ ಅಡ್ಡ ಹಿಡಿದ.

"ಅದು ನಿಮ್ಮಲ್ಲೇ ಇರಲಿ ಮೇಡಂ." ವೇದಿಕೆಯ ಕಡೆ ನೋಡಿ ಕೇಳಿದ: "ಆ ಮಗು ಚೆಂದ ಹಾಡಿತಾ?"