ನೂರರ ಬಾಂಡು ಎಂಬತ್ತೇಳಕ್ಕೆ

ನಾನು ಕೆಲಸ ಮಾಡುತ್ತಿದ್ದ ಸಹಕಾರಿ ಬ್ಯಾಂಕನ್ನು ಕಟ್ಟಿದವರು ಕರಾವಳಿಯಿಂದ ಬಂದ ಹೋಟೆಲಿನವರು. ಮುಖ್ಯ ಕಚೇರಿ ಠಾಣೆ ನಗರದ ನೌಪಾಡಾದಲ್ಲಿ, ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಾನು ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಅಲ್ಲಿಗೆ ಬರುತ್ತಿದ್ದೆ. ನನ್ನದು ಟ್ರೆಜರಿ ವಿಭಾಗ. ವಿಭಾಗ ಎಂದರೆ ನಾನು, ಎರಡು ಕಂಪ್ಯೂಟರು, ಒಂದು ಫೋನು. ಠೇವಣಿದಾರರ ಹಣದಲ್ಲಿ ಒಂದು ಪಾಲನ್ನು ಸರ್ಕಾರಿ ಬಾಂಡುಗಳಲ್ಲಿ ಇಡಲೇಬೇಕೆಂಬ ಕಾನೂನಿದೆ. ಆ ಬಾಂಡುಗಳನ್ನು ಕೊಳ್ಳುವುದು, ಮಾರುವುದು ನನ್ನ ಕೆಲಸ.

ಅಧ್ಯಕ್ಷರು ಕುಂದಾಪುರ ಕಡೆಯವರು, ಮೂರು ಹೋಟೆಲುಗಳ ಒಡೆಯರು. ನನ್ನನ್ನು 'ಮಗಳೆ' ಎಂದೇ ಕರೆಯುತ್ತಿದ್ದರು. ನನ್ನ ತಂದೆ ಒಂದು ಕಾಲದಲ್ಲಿ ಅವರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಂಡಿದ್ದವರು. ಆ ಋಣ ನಮ್ಮದೇ ಹೊರತು ಅವರದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ವರ್ಷ ಬಡ್ಡಿದರ ಇಳಿಯುತ್ತಾ ಬಂದು, ನಮ್ಮಲ್ಲಿದ್ದ ಹಳೆಯ ಬಾಂಡುಗಳ ಬೆಲೆ ಚೆನ್ನಾಗಿ ಏರಿತ್ತು. ಕೆಲವನ್ನು ಮಾರಿ ಲಾಭ ತೋರಿಸಿದೆವು. ಅಧ್ಯಕ್ಷರು ಕೆಳಗಿನ ಅಂಗಡಿಯಿಂದ ಪೇಡೆ ತರಿಸಿ ಎಲ್ಲರಿಗೂ ಹಂಚಿದರು.

"ನಮ್ಮ ಹುಡುಗಿ ಎಂತಾ ಚುರುಕು ಕಾಣಿ!" ಎಂದರು.

"ಸರ್, ಇದು ನನ್ನ ಜಾಣತನ ಅಲ್ಲ. ದರ ಇಳಿದದ್ದಕ್ಕೆ ಬೆಲೆ ಏರಿತು. ನಾಳೆ ದರ ಏರಿದ್ರೆ ಇದೇ ಬೆಲೆ ಇಳೀತದೆ," ಎಂದೆ.

ಅವರು ನಕ್ಕು ನನ್ನ ಕೈಗೆ ಇನ್ನೊಂದು ಪೇಡೆ ಇಟ್ಟರು. ನನ್ನ ಮಾತನ್ನು ವಿನಯ ಎಂದುಕೊಂಡಿರಬೇಕು.

ಮರುವರ್ಷದ ಬೇಸಿಗೆಯಲ್ಲಿ ಅವರಿಗೆ ಆಸೆ ಹುಟ್ಟಿತು. ದರ ಇನ್ನೂ ಇಳಿಯುತ್ತದೆಂದು ಕ್ಲಬ್ಬಿನಲ್ಲಿ ಯಾರೋ ಹೇಳಿದ್ದರಂತೆ. ಹತ್ತು ವರ್ಷದ ಬಾಂಡು ದೊಡ್ಡ ಮೊತ್ತದಲ್ಲಿ ಬೇಕು, ಅದೂ ಮಾರಾಟಕ್ಕೆಂದು ಇಡುವ ಖಾತೆಯಲ್ಲಿ ಎಂದರು. ನಮ್ಮಲ್ಲಿ ಎರಡು ಬಗೆಯ ಖಾತೆಗಳಿದ್ದವು. ಅವಧಿ ಮುಗಿಯುವ ತನಕ ಇಟ್ಟುಕೊಳ್ಳುತ್ತೇವೆಂದು ಮೊದಲೇ ಹೇಳಿ ಕೊಂಡದ್ದರ ಬೆಲೆಯನ್ನು ಮತ್ತೆ ಮತ್ತೆ ಕಟ್ಟಬೇಕಿಲ್ಲ. ಮಾರಾಟಕ್ಕೆಂದು ಇಟ್ಟದ್ದಕ್ಕೆ ಮಾತ್ರ ಮೂರು ತಿಂಗಳಿಗೊಮ್ಮೆ ಅಂದಿನ ಪೇಟೆಯ ಬೆಲೆ ಹಾಕಬೇಕು, ಇಳಿದಿದ್ದರೆ ನಷ್ಟ ಬರೆಯಬೇಕು.

"ಎರಡು ವರ್ಷದ್ದು ತಗೊಳ್ಳುವ ಸರ್," ಎಂದೆ. "ಅಕಸ್ಮಾತ್ ದರ ಏಳರಿಂದ ಒಂಬತ್ತಕ್ಕೆ ಹೋದ್ರೆ, ಎರಡು ವರ್ಷದ ಬಾಂಡು ನೂರರಿಂದ ತೊಂಬತ್ತಾರೂವರೆಗೆ ಇಳೀತದೆ, ಅಷ್ಟೆ. ಹತ್ತು ವರ್ಷದ್ದು ಎಂಬತ್ತೇಳಕ್ಕೆ ಬರ್ತದೆ. ಕಡಿಮೆ ಬಡ್ಡಿಯನ್ನು ಹತ್ತು ವರ್ಷ ಸಹಿಸ್ಬೇಕಲ್ವಾ, ಅದಕ್ಕೆ ಪೆಟ್ಟು ಜಾಸ್ತಿ."

"ನೀನು ಮೊದಲೇ ಅಪಶಕುನ ನುಡೀಬೇಡ ಮಾರಾಯ್ತಿ. ತಗೋ."

ತೆಗೆದುಕೊಂಡೆ. ನೂರು ರೂಪಾಯಿ ಮುಖಬೆಲೆಗೆ ನೂರೇ ಕೊಟ್ಟು, ವರ್ಷಕ್ಕೆ ಏಳು ರೂಪಾಯಿ ಬಡ್ಡಿ ಕೊಡುವ ಬಾಂಡು.

ಮಳೆಗಾಲದಲ್ಲಿ ಡಾಲರಿನ ಎದುರು ರೂಪಾಯಿ ಕುಸಿಯತೊಡಗಿತು. ಅದನ್ನು ತಡೆಯಲು ಕೇಂದ್ರ ಬ್ಯಾಂಕು ಪೇಟೆಯಲ್ಲಿ ಹಣವನ್ನು ಬಿಗಿ ಮಾಡಿ ಬಡ್ಡಿದರ ಏರುವಂತೆ ಮಾಡಿತು. ಒಂದು ಬೆಳಿಗ್ಗೆ ಕಂಪ್ಯೂಟರು ತೆರೆದರೆ ಪರದೆಯ ತುಂಬ ಕೆಂಪು. ಯಾರೂ ಕೊಳ್ಳುವವರಿಲ್ಲ. ಕೆಲವು ವಾರಗಳಲ್ಲಿ ಪೇಟೆಯ ದರ ಒಂಬತ್ತರ ಹತ್ತಿರ ಬಂದು ನಿಂತಿತು. ನಮ್ಮ ಬಾಂಡಿನ ಬೆಲೆ ಎಂಬತ್ತೇಳು. ನಾನು ಹೇಳಿದ ಲೆಕ್ಕವೇ ಸರಿಹೋಗಿತ್ತು.

ಆ ವರ್ಷ ನಿರ್ದೇಶಕ ಮಂಡಳಿಯ ಚುನಾವಣೆ ಬೇರೆ ಇತ್ತು. ಎದುರು ಪ್ಯಾನೆಲ್ಲಿನವರಿಗೆ ಸುದ್ದಿ ಹೇಗೋ ಮುಟ್ಟಿತು. ಅಧ್ಯಕ್ಷರು ಫೋನ್ ಮಾಡಿದರು.

"ಮಾರಿ ಬಿಡು."

"ಸರ್, ಈಗ ಬೇಡ. ಸರ್ಕಾರ ಎಲ್ಲಿಗೂ ಓಡಿ ಹೋಗೋದಿಲ್ಲ. ವರ್ಷ ವರ್ಷ ಏಳು ಕೊಡ್ತದೆ, ಕಡೆಗೆ ನೂರು ವಾಪಸ್ ಕೊಡ್ತದೆ."

"ಇನ್ನೂ ಇಳಿದ್ರೆ? ಇಲೆಕ್ಷನ್ ಹೊತ್ತಲ್ಲಿ ಎಪ್ಪತ್ತಾದ್ರೆ? ಮಾರು ಅಂದೆನಲ್ಲ!"

"ಹಾಗಾದ್ರೆ ಬಂದ ಹಣದಲ್ಲಿ ಒಂಬತ್ತು ಕೊಡುವ ಹೊಸ ಬಾಂಡಾದ್ರೂ ತಗೊಳ್ಳುವ. ಆಗ ಹೋದದ್ದು ವರ್ಷ ವರ್ಷ ಹೆಚ್ಚಿನ ಬಡ್ಡಿಯಲ್ಲಿ ವಾಪಸ್ ಬರ್ತದೆ. ಲೆಕ್ಕ ಸಮ ಆಗ್ತದೆ."

"ಬಾಂಡಿನ ಹೆಸರೆತ್ತಬೇಡ ಇನ್ನು. ಮೂರು ತಿಂಗಳ ಡಿಪಾಸಿಟ್‌ಗೆ ಹಾಕು."

ಲಿಖಿತ ಆದೇಶ ಬೇಕೆಂದು ಕೇಳಿದೆ. "ನಾನು ಹೇಳಿದ್ದು ಸಾಕಾಗೂದಿಲ್ವಾ ಮಗಳೆ?" ಎಂದರು. ಮಾರಿದೆ. ಮಾರಾಟ ದಾಖಲಿಸುವ ಡೀಲ್ ಸ್ಲಿಪ್ಪಿನ ಮೇಲೆ ಬಿದ್ದ ಸಹಿ ನನ್ನದು.

ವಾರ್ಷಿಕ ಸಭೆ ಠಾಣೆಯ ಒಂದು ಮದುವೆ ಹಾಲಿನಲ್ಲಿ ನಡೆಯಿತು. ಜನ ಕಿಕ್ಕಿರಿದಿದ್ದರು. ಎದುರು ಪ್ಯಾನೆಲ್ಲಿನ ಒಬ್ಬರು, ಸೀವುಡ್ಸಿನಲ್ಲಿ ಬಾರ್ ನಡೆಸುವವರು, ಮೈಕಿಗೆ ಬಂದರು.

"ಸರ್ಕಾರದ ಬಾಂಡು ಅಂದ್ರೆ ಎಲ್ಲಕ್ಕಿಂತ ಸೇಫ್ ಅಂತ ನೀವೇ ಹೇಳೂದು. ಸರ್ಕಾರ ಮುಳುಗ್ಲಿಲ್ಲ, ಬಡ್ಡಿ ನಿಲ್ಲಿಸ್ಲಿಲ್ಲ. ಮತ್ತೆ ನೂರಕ್ಕೆ ಹದಿಮೂರು ರೂಪಾಯಿ ಎಲ್ಲಿ ಹೋಯ್ತು? ಯಾರ ಜೇಬಿಗೆ ಹೋಯ್ತು, ಹೇಳಿ!"

ಚಪ್ಪಾಳೆ, ಸಿಳ್ಳೆ. ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿದರು. ನಾನು ವೇದಿಕೆಗೆ ಹೋದೆ. ಅರ್ಥವಾಗುವಂತೆ ಹೇಳಬಲ್ಲೆನೆಂಬ ನಂಬಿಕೆ ಆಗಿನ್ನೂ ನನ್ನಲ್ಲಿತ್ತು.

"ಅಣ್ಣ, ನಿಮ್ಮ ಹತ್ರ ವರ್ಷಕ್ಕೆ ಏಳು ರೂಪಾಯಿ ಕೊಡುವ ಒಂದು ಬಾಂಡಿದೆ ಅಂತ ಇಟ್ಕೊಳ್ಳಿ. ಇವತ್ತು ಸರ್ಕಾರ ಹೊಸ ಬಾಂಡಿಗೆ ಒಂಬತ್ತು ಕೊಡ್ತಾ ಇದೆ. ನಿಮ್ಮದನ್ನು ಪಕ್ಕದ ಅಂಗಡಿಯವರಿಗೆ ಮಾರಲಿಕ್ಕೆ ಹೋದ್ರೆ ಅವರು ನೂರು ಕೊಡ್ತಾರಾ?"

"ಯಾಕೆ ಕೊಡ್ತಾರೆ? ಅದೇ ನೂರಕ್ಕೆ ಹೊಸದು ಸಿಗ್ತದಲ್ಲ."

"ಬಾಂಡಿನ ಬಡ್ಡಿ ಬದಲಾಯಿಸ್ಲಿಕ್ಕೆ ಆಗುದಿಲ್ಲ, ಅದು ಮೊದಲೇ ಬರೆದಾಗಿದೆ. ಹಾಗಾಗಿ ಬೆಲೆಯೇ ಇಳೀಬೇಕು. ಎಲ್ಲಿವರೆಗೆ? ಕೊಳ್ಳುವವರಿಗೆ ಹೊಸ ಬಾಂಡಿನಷ್ಟೇ ಗಿಟ್ಟುವವರೆಗೆ. ಎಂಬತ್ತೇಳಕ್ಕೆ ಕೊಂಡವರಿಗೆ ವರ್ಷ ವರ್ಷ ಏಳು ಬರ್ತದೆ. ಕಡೆಗೆ ಎಂಬತ್ತೇಳಲ್ಲ, ನೂರು ಬರ್ತದೆ. ಬಡ್ಡಿ ಮತ್ತು ಆ ಹದಿಮೂರು, ಎರಡನ್ನೂ ಸೇರಿಸಿ ಹತ್ತು ವರ್ಷಕ್ಕೆ ಹರಡಿದ್ರೆ ಅವರಿಗೆ ವರ್ಷಕ್ಕೆ ನೂರಕ್ಕೆ ಒಂಬತ್ತರಂತೆ ಗಿಟ್ಟುತ್ತದೆ. ಇದಕ್ಕೇ ಯೀಲ್ಡ್ ಟು ಮೆಚ್ಯೂರಿಟಿ ಅನ್ನೋದು. ಮುಂದೆ ಬರುವ ಪ್ರತಿ ರೂಪಾಯಿಗೆ ಇವತ್ತು ಎಷ್ಟು ಬೆಲೆ ಅಂತ ಯಾವ ದರದಲ್ಲಿ ಕಟ್ಟಿದ್ರೆ ಒಟ್ಟು ಇವತ್ತಿನ ಬೆಲೆಗೆ ಸರಿ ಹೋಗ್ತದೋ, ಆ ದರ. ಹದಿಮೂರು ರೂಪಾಯಿ ಯಾರೂ ಕದ್ದಿಲ್ಲ. ದರ ಏರಿದ ದಿನವೇ ಅದು ಬೆಲೆಯಿಂದ ಇಳಿದು ಹೋಗಿತ್ತು."

ಮುಂದಿನ ಸಾಲಿನಲ್ಲಿದ್ದ ಒಂದಿಬ್ಬರು ತಲೆಯಾಡಿಸಿದ್ದು ಕಂಡಿತು. ಆಗ ಬಾರಿನವರು ಸಾವಕಾಶವಾಗಿ ಕೇಳಿದರು:

"ಸರಿಯಮ್ಮ, ತಿಳೀತು. ನಾವೇ ಇಟ್ಕೊಂಡಿದ್ರೂ ಕಡೆಗೆ ನೂರು ಬರ್ತಿತ್ತು ಅಂತಾಯ್ತು. ಕೊಂಡವನಿಗೆ ಒಂಬತ್ತು ಗಿಟ್ಟೂದು ಅಂತಾದ್ರೆ, ನಾವು ಅದನ್ನು ಮಾರಿ ಮೂರು ತಿಂಗಳ ಡಿಪಾಸಿಟ್ಟಿಗೆ ಹಾಕಿದ್ದು ಯಾಕೆ? ಯಾರು ಹೇಳಿದ್ದು?"

ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಆಮೇಲೆ ಮೈಕು ಎಳೆದುಕೊಂಡರು.

"ಕೊಳ್ಳುದು ಮಾರುದು ಎಲ್ಲ ಟ್ರೆಜರಿಯ ನಿರ್ಧಾರ. ನಾವು ಹೋಟೆಲಿನವರು, ನಮಗೆ ಇದೆಲ್ಲ ಗೊತ್ತಾಗೂದಿಲ್ಲ. ನಂಬಿ ಬಿಟ್ಟಿದ್ದೆವು. ಎನ್‌ಕ್ವೈರಿ ಮಾಡಿಸ್ತೇವೆ. ಯಾರನ್ನೂ ಬಿಡೂದಿಲ್ಲ."

ಈ ಬಾರಿ ಚಪ್ಪಾಳೆ ಅವರಿಗೆ ಬಿತ್ತು. ನಾನು ಇನ್ನೂ ವೇದಿಕೆಯ ಮೇಲೆಯೇ ನಿಂತಿದ್ದೆ. ಇಳಿಯುವ ಮೆಟ್ಟಿಲು ಯಾವ ಕಡೆ ಇದೆ ಎಂಬುದೇ ತೋಚಲಿಲ್ಲ.

ಮರುದಿನವೇ ಅಮಾನತು. ನನ್ನ ಗಂಡ ಧಾರವಾಡದ ಕಡೆಯವರು, ಬೇಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿದ್ದಾರೆ. "ನೀ ಯಾಕ ಅಳತಿ? ತಪ್ಪು ನಿಂದಲ್ಲಂತ ಅವ್ರಿಗೂ ಗೊತ್ತದ," ಎಂದರು. ಅದು ಗೊತ್ತಿದ್ದೂ ಹೀಗೆ ಮಾಡಿದರಲ್ಲ, ಅದಕ್ಕೇ ಅಳುತ್ತಿದ್ದೆ. ನಮ್ಮವರ ಒಂದು ನಾಮಕರಣಕ್ಕೆ ಹೋದಾಗ ಪಂಕ್ತಿಯಲ್ಲಿ ನನ್ನ ಹಿಂದೆ ಕುಳಿತವರು ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬ್ಯಾಂಕಿನ ದುಡ್ಡು ತಿಂದದ್ದು ಇವಳೇ ಎಂದು. ನನಗೆ ತುಳು ಬರುವುದಿಲ್ಲವೆಂದು ಭಾವಿಸಿದ್ದರೋ, ಬರುತ್ತದೆಂದು ತಿಳಿದೇ ಆಡಿದರೋ. ಎಲೆ ಮಡಚಿ ಎದ್ದೆ. ಆಮೇಲೆ ಅಂಥ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟೆ.

ವಿಚಾರಣೆಗೆ ನೇಮಕವಾದವರು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮರಾಠಿಯವರು. ನಾನು ಮಾರಿದ ಬೆಲೆಯನ್ನು ಆ ದಿನದ ಪೇಟೆಯ ಬೆಲೆಯ ಜೊತೆ ಇಟ್ಟು ನೋಡಿದರು. ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ.

"ಕದ್ದಿಲ್ಲ. ಅದು ನನಗೆ ಮೊದಲ ದಿನವೇ ಗೊತ್ತಾಯಿತು," ಎಂದು ಮರಾಠಿಯಲ್ಲಿ ಹೇಳಿದರು. "ಆದರೆ ಮಾರಲು ಹೇಳಿದ್ದು ಅಧ್ಯಕ್ಷರು ಅನ್ನುವುದಕ್ಕೆ ನಿಮ್ಮ ಮಾತು ಬಿಟ್ಟರೆ ಏನಿದೆ?"

"ಏನೂ ಇಲ್ಲ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಒಳ್ಳೆಯ ಮನುಷ್ಯ. ಒಳ್ಳೆಯವರಿಗೂ ವರದಿಯಲ್ಲಿ ಏನಾದರೊಂದು ಬರೆದು ಮುಗಿಸಬೇಕಲ್ಲ. ಅವ್ಯವಹಾರ ನಡೆದಿಲ್ಲ, ಸಂಬಂಧಪಟ್ಟ ಅಧಿಕಾರಿಯ ತೀರ್ಮಾನದಲ್ಲಿ ದೋಷವಿದೆ ಎಂದು ಬರೆದರು. ಕಳ್ಳಿ ಎಂಬುದು ಹೋಗಿ ದಡ್ಡಿ ಎಂಬುದು ಉಳಿಯಿತು. ಚುನಾವಣೆಯಲ್ಲಿ ಅಧ್ಯಕ್ಷರ ಪ್ಯಾನೆಲ್ ಗೆದ್ದಿತು. ನನ್ನನ್ನು ಕಲ್ಯಾಣದ ಶಾಖೆಗೆ, ಲಾಕರ್ ನೋಡಿಕೊಳ್ಳಲು ಹಾಕಿದರು.

ಮುಂದಿನ ಎರಡು ಮೂರು ವರ್ಷಗಳಲ್ಲಿ ದರ ಇಳಿಯುತ್ತಾ ಹೋಯಿತು. ಊಟದ ಬಿಡುವಿನಲ್ಲಿ ಪತ್ರಿಕೆಯ ವಾಣಿಜ್ಯ ಪುಟ ತೆರೆಯುವ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ನಾವು ಎಂಬತ್ತೇಳಕ್ಕೆ ಮಾರಿದ ಆ ಬಾಂಡಿನ ಬೆಲೆ ತೊಂಬತ್ತು ದಾಟಿತು, ತೊಂಬತ್ತೈದಾಯಿತು, ಕಡೆಗೆ ನೂರನ್ನೂ ದಾಟಿತು. ಅದನ್ನು ನಮ್ಮಿಂದ ಕೊಂಡವರು ಯಾರೋ, ಪೇಟೆಯಲ್ಲಿ ಅದು ತಿಳಿಯುವುದಿಲ್ಲ. ಅವರಿಗೆ ನಡುವೆ ವರ್ಷ ವರ್ಷ ಏಳು ರೂಪಾಯಿ ಬಡ್ಡಿಯೂ ಬಂದಿರುತ್ತದೆ. ನಮ್ಮ ಬ್ಯಾಂಕಿನ ಹಣ ಮಾತ್ರ ಸಣ್ಣ ಡಿಪಾಸಿಟ್ಟುಗಳಲ್ಲಿ ಮರಳಿ ಮರಳಿ ನವೀಕರಣವಾಗುತ್ತಾ, ಪ್ರತಿ ಸಲ ಸ್ವಲ್ಪ ಕಡಿಮೆ ಬಡ್ಡಿಗೆ ಇಳಿಯುತ್ತಿತ್ತು.

ಶಾಖೆಯ ವಾರ್ಷಿಕೋತ್ಸವಕ್ಕೆ ಅಧ್ಯಕ್ಷರು ಕಲ್ಯಾಣಕ್ಕೆ ಬಂದರು. ಸತ್ಯನಾರಾಯಣ ಪೂಜೆ ಮುಗಿದಿತ್ತು. ಪ್ರಸಾದದ ದೊನ್ನೆ ಹಿಡಿದುಕೊಂಡು ಲಾಕರಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುದುಕರಾಗಿದ್ದರು.

"ಹೇಗಿದ್ದೀ ಮಗಳೆ?"

"ಇದ್ದೇನೆ ಸರ್."

"ಆ ಬಾಂಡು ಈಗ ನೂರರ ಮೇಲೆ ಹೋಗಿದ್ಯಂತೆ. ಆಡಿಟರು ಹೇಳಿದ್ರು." ಶಿರಾ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ಅವತ್ತು ನೀನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು. ನಾನು ಕೇಳ್ತಿದ್ದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ಅವರು ನಿಜವಾಗಿಯೂ ನಂಬಿದ್ದರು. ಕಣ್ಣಲ್ಲಿ ನನ್ನ ಮೇಲೆ ಸಣ್ಣದೊಂದು ಬೇಸರವೂ ಇತ್ತು, ಮನೆಯ ಮಗಳು ಮುಂಚೆಯೇ ಎಚ್ಚರಿಸಲಿಲ್ಲವಲ್ಲ ಎನ್ನುವ ಹಾಗೆ. ಹೇಳಲು ನನ್ನಲ್ಲಿ ಎಷ್ಟೋ ಮಾತುಗಳಿದ್ದವು. ಎಷ್ಟು ಸಲ ಒಬ್ಬಳೇ ಲೋಕಲಿನ ಕಿಟಕಿಯ ಬಳಿ ಕುಳಿತು ಅವನ್ನು ಹೇಳಿಕೊಂಡಿದ್ದೆ.

"ಕೈ ತೊಳೀಲಿಕ್ಕೆ ನೀರು ಆ ಕಡೆ ಇದೆ ಸರ್," ಎಂದೆ.

ಅವರು ಹೋದರು. ಆ ವರ್ಷವೇ ನಾನು ರಾಜೀನಾಮೆ ಕೊಟ್ಟೆ. ಯಾಕೆ ಎಂದು ಕೇಳಿ ಯಾರೂ ಫೋನ್ ಮಾಡಲಿಲ್ಲ.