ಕೆಮ್ಮು ಎಷ್ಟು ದಿನದ್ದು?

ತಿಪಟೂರಿನ ಔಷಧಿ ಅಂಗಡಿಗೆ ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತಷ್ಟೆ. ಡಿ.ಫಾರ್ಮ ಮುಗಿಸಿದ್ದೆ, ನೋಂದಣಿ ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ಕಾನೂನಿನ ಲೆಕ್ಕಕ್ಕೆ ನಾನು ಸಹಾಯಕಿ. ನೋಂದಾಯಿತ ಫಾರ್ಮಸಿಸ್ಟ್ ಅಂದರೆ ನಮ್ಮ ಅಂಗಡಿಯ ಮಾಲೀಕರು. ಆದರೆ ಕೌಂಟರಿನಲ್ಲಿ ನಿಂತು ಬೈಸಿಕೊಳ್ಳುವ ಕೆಲಸಕ್ಕೆ ಯಾವ ನೋಂದಣಿಯೂ ಬೇಕಿಲ್ಲವಲ್ಲ, ಅದು ಪೂರ್ತಿ ನನ್ನ ಪಾಲಿಗೇ ಬಂದಿತ್ತು. ಬೈಗುಳಕ್ಕೆ ನಾನು ಹೆದರುವವಳೂ ಅಲ್ಲ. ಎದುರಿನವರ ದನಿ ಏರಿದಷ್ಟೂ ನನ್ನ ದನಿ ಇಳಿಯುತ್ತದೆ, ಅದು ನನ್ನ ಹುಟ್ಟುಗುಣ.

ಅಟ್ಟದಿಂದ ಕಾಯಿ ಇಳಿಸಿ ಸುಲಿಸುವ ಕಾಲ ಅದು. ವರ್ಷವಿಡೀ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದ ಕಾಯಿ ಕೆಳಗಿಳಿಯುವಾಗ ಮನೆಯೆಲ್ಲ ಸಿಪ್ಪೆಯ ಧೂಳು. ಆ ದಿನಗಳಲ್ಲಿ ಕೆಮ್ಮಿಗೆಂದು ಬಂದವರನ್ನು ಏನಾಯಿತೆಂದು ಕೇಳಿದರೆ ಸಾಕು, ಎಲ್ಲರದೂ ಒಂದೇ ಉತ್ತರ: ಅಟ್ಟದ ಧೂಳು.

ಒಂದು ಬೆಳಿಗ್ಗೆ ಹೊನ್ನವಳ್ಳಿ ಕಡೆಯ ತೆಂಗಿನ ತೋಟದವರೊಬ್ಬರು ಕೆಮ್ಮುತ್ತಾ ಬಂದರು. ಅರವತ್ತರ ಆಸುಪಾಸು. ಅಂಗಡಿಗೆ ಹಳಬರು, ಮಾಲೀಕರನ್ನು ಏಕವಚನದಲ್ಲಿ ಮಾತಾಡಿಸುವಷ್ಟು ಸಲಿಗೆ. ಜೇಬಿನಿಂದ ಖಾಲಿ ಶೀಟೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಇದೇ ಮಾತ್ರೆ ಒಂದು ಶೀಟು ಕೊಡವ್ವ."

ಶೀಟಿನ ಬೆನ್ನ ಮೇಲೆ ಉದ್ದಕ್ಕೆ ಕೆಂಪು ಗೆರೆ. ಲಿವೋಫ್ಲಾಕ್ಸಸಿನ್. ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲದ ಆಂಟಿಬಯಾಟಿಕ್. ಅಷ್ಟೇ ಅಲ್ಲ, ಮಾರಿದಾಗಲೆಲ್ಲ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು, ಮಾತ್ರೆ, ಎಷ್ಟು ಕೊಟ್ಟೆವು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಜೋಪಾನ ಮಾಡಬೇಕು.

"ಚೀಟಿ ಇದೆಯಾ ಯಜಮಾನ್ರೇ?"

"ಚೀಟಿ ಯಾಕವ್ವ? ಮಾತ್ರೆ ಶೀಟೇ ತಂದಿದೀನಲ್ಲ."

ನಮ್ಮ ಕಡೆಯವರಿಗೆ ಖಾಲಿ ಶೀಟೇ ಚೀಟಿ. "ಇದು ಚೀಟಿ ಇಲ್ದೆ ಕೊಡೋ ಮಾತ್ರೆ ಅಲ್ಲ, ಬೇಜಾರು ಮಾಡ್ಕೋಬೇಡಿ. ಕೆಮ್ಮು ಎಷ್ಟು ದಿನದ್ದು?" ಎಂದೆ.

"ಅಟ್ಟದ ಧೂಳು ಕಣವ್ವ, ವರ್ಷಾವರ್ಷ ಇದ್ದಿದ್ದೇ. ಈ ಸಲ ಎರಡು ತಿಂಗಳಾತು. ಮಾತ್ರೆ ನುಂಗಿದ್ರೆ ಒಂದು ವಾರ ಹೋಗ್ತದೆ, ಮತ್ತೆ ಬತ್ತದೆ. ಮೊಮ್ಮಗಳು ನನ್ನ ಪಕ್ಕದಲ್ಲೇ ಮಲಗೋದು. ನನ್ನ ಕೆಮ್ಮಿಗೆ ಆ ಕೂಸಿಗೂ ನಿದ್ದೆ ಇಲ್ಲ. ಬೇಗ ಕೊಡು."

ಸಂಜೆ ಹೊತ್ತು ಮೈ ಬಿಸಿಯಾಗುತ್ತದೆಯಾ ಎಂದು ಕೇಳಿದೆ. ಆಗುತ್ತದೆ ಎಂದರು. ಅಂಗಿ ಹೆಗಲಿನಿಂದ ಜಾರುವಷ್ಟು ಸಡಿಲವಾಗಿದ್ದು ಕೇಳದೆಯೇ ಕಾಣುತ್ತಿತ್ತು.

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಆಗಬೇಕು ಎಂಬುದು ನಮಗೆ ಕಾಲೇಜಿನಲ್ಲಿ ಬಾಯಿಪಾಠ. ಕ್ಷಯ ಇದ್ದರೆ ಈ ಮಾತ್ರೆ ಆ ರೋಗಾಣುವನ್ನು ಒಂದಿಷ್ಟು ಹತ್ತಿಕ್ಕುತ್ತದೆ, ಪೂರ್ತಿ ಕೊಲ್ಲುವುದಿಲ್ಲ. ಕೆಮ್ಮು ತಗ್ಗಿ ಗುಣವಾದ ಹಾಗೆ ಕಾಣುತ್ತದೆ, ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳಬಹುದು. ಉಳಿದ ರೋಗಾಣು ಆ ಮಾತ್ರೆಗೇ ಜಗ್ಗದಂತಾಗಬಹುದು. ಅಷ್ಟರಲ್ಲಿ ಪಕ್ಕದಲ್ಲಿ ಮಲಗುವವರಿಗೂ ಅಂಟಬಹುದು. ಆದರೆ ನಾನು ಡಾಕ್ಟರಲ್ಲ, ನಿಮಗೆ ಇಂಥ ಕಾಯಿಲೆ ಎನ್ನುವ ಹಾಗಿಲ್ಲ. "ಸರ್ಕಾರಿ ಆಸ್ಪತ್ರೇಲಿ ಕಫ ಪರೀಕ್ಷೆ ಮಾಡ್ಸಿ, ಪುಕ್ಕಟೆ ಮಾಡ್ತಾರೆ. ಅವರು ಚೀಟಿ ಬರೆದ್ರೆ ನಾನೇ ಎತ್ತಿ ಕೊಡ್ತೀನಿ," ಎಂದೆ.

ಅವರ ಮುಖ ಕೆಂಪಾಯಿತು. "ಏನು, ನಂಗೇ ಬುದ್ಧಿ ಹೇಳ್ತೀಯಾ? ಮೊದಲ ಸಲ ಇದನ್ನ ಕೊಟ್ಟೋಳೇ ನೀನು! ಆವತ್ತು ಇಲ್ದಿರೋ ಕಾನೂನು ಇವತ್ತು ಎಲ್ಲಿಂದ ಬಂತು?"

ನಾನೇ? ರಿಜಿಸ್ಟರ್ ತೆರೆದೆ. ಹಾಳೆ ತಿರುವುತ್ತಾ ಹೋದಂತೆ ಎರಡು ತಿಂಗಳ ಹಿಂದಿನ ಸಾಲೊಂದು ಸಿಕ್ಕಿತು, ನನ್ನದೇ ಕೈಬರಹ. ಅವರ ಹೆಸರು, ವೈದ್ಯರ ಹೆಸರು, ದಿನಕ್ಕೊಂದರಂತೆ ಐದು ದಿನ. ಕೊಟ್ಟದ್ದು: ಹತ್ತು.

ಎಲ್ಲ ನೆನಪಾಯಿತು. ಚೀಟಿ ಸರಿಯಾಗೇ ಇತ್ತು. ಐದು ಕತ್ತರಿಸಲು ಕತ್ತರಿ ಎತ್ತಿದ್ದೆ. "ಇಡೀ ಶೀಟೇ ಕೊಟ್ಬುಡವ್ವ, ಮನೇಲಿದ್ರೆ ಆಯ್ತದೆ," ಎಂದಿದ್ದರು. ಇಡೀ ಶೀಟು ಒಯ್ದು ಮನೆಯಲ್ಲಿ ಇಟ್ಟುಕೊಳ್ಳುವುದು ಇಲ್ಲಿ ಎಲ್ಲರ ರೂಢಿ. ಕತ್ತರಿಸಿದರೆ ಉಳಿದ ತುಂಡಿನಲ್ಲಿ ಅವಧಿ ಮುಗಿಯುವ ದಿನಾಂಕವೂ ಇರುವುದಿಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ. ನಾನು ಕತ್ತರಿ ಕೆಳಗಿಟ್ಟು ಪೂರ್ತಿ ಕೊಟ್ಟಿದ್ದೆ. ಆ ಐದು ಹೆಚ್ಚಿನ ಮಾತ್ರೆಗಳೇ ಅವರಿಗೆ ಕೆಮ್ಮು ಮರುಕಳಿಸಿದಾಗ ತಾವೇ ನುಂಗುವುದನ್ನು ಕಲಿಸಿದ್ದವು. ಅವು ಮುಗಿದ ಮೇಲೆ ತುರುವೇಕೆರೆಯ ಅಂಗಡಿಯೊಂದರಲ್ಲಿ ಇನ್ನೊಂದು ಶೀಟು ಕೊಂಡೆ ಎಂದು ಕೇಳಿದಾಗ ಅವರೇ ಹೇಳಿದರು. ನನಗೆ ಬಹಳ ನಾಚಿಕೆಯಾಯಿತು.

ಗದ್ದಲ ಕೇಳಿ ಒಳಗಿದ್ದ ಮಾಲೀಕರು ಬಂದರು. ಹಳೇ ಗಿರಾಕಿಯ ಮುಖ ನೋಡಿದವರೇ ಶೀಟಿಗಾಗಿ ಕಪಾಟಿನ ಕಡೆ ಕೈ ಚಾಚಿದರು. ನಾನು ರಿಜಿಸ್ಟರನ್ನು ಅವರ ಮುಂದೆ ಸರಿಸಿ ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಓದಿದರು. ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಆವತ್ತು ಹೆಚ್ಚಿಗೆ ಕೊಟ್ಟಿದ್ದು ನನ್ನ ತಪ್ಪು ಯಜಮಾನ್ರೇ," ಎಂದೆ. "ಅದೇ ತಪ್ಪು ಎರಡನೇ ಸಲ ಮಾಡಲ್ಲ. ನಿಮ್ಮ ಮೊಮ್ಮಗಳಿಗೋಸ್ಕರನಾದ್ರೂ ಪರೀಕ್ಷೆ ಮಾಡ್ಸಿ."

ಜ್ವರಕ್ಕೆಂದು ಪ್ಯಾರಾಸಿಟಮಾಲ್ ಮಾತ್ರ ಕಾಗದದ ಕವರಿಗೆ ಹಾಕಿದೆ. ಅದಕ್ಕೆ ಚೀಟಿ ಬೇಕಿಲ್ಲ. ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: "ಎರಡು ತಿಂಗಳ ಕೆಮ್ಮು. ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆ." ಅದರ ಕೆಳಗೆ ಲಿವೋಫ್ಲಾಕ್ಸಸಿನ್ ಎಷ್ಟು ನುಂಗಿದ್ದಾರೆಂದೂ ಬರೆದು, ಇದನ್ನು ಡಾಕ್ಟರಿಗೆ ತೋರಿಸಿ ಎಂದೆ.

"ನಿಮ್ಮಂಗಡಿ ಒಂದೇನಾ ಇರೋದು!" ಎಂದು ಕವರನ್ನು ಜೇಬಿಗೆ ತುರುಕಿಕೊಂಡು ಹೊರಟೇಹೋದರು. ಮಾಲೀಕರು ರಿಜಿಸ್ಟರ್ ಮುಚ್ಚಿ ನನ್ನ ಕಡೆ ಸರಿಸಿ, "ಸರಿಯಾಗೇ ಮಾಡ್ದೆ ಬುಡು," ಎಂದು ಒಳಗೆ ಹೋದರು. ಮನುಷ್ಯ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದೇ ನಾನು ಅಂದುಕೊಂಡೆ.

ಎರಡು ತಿಂಗಳ ನಂತರ ಬಂದರು, ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಕೌಂಟರಿನ ಮೇಲೆ ಒಂದು ಶೀಟು ಇಟ್ಟರು. ಅದೇ ಮಾತ್ರೆ. ಹತ್ತಕ್ಕೆ ಹತ್ತೂ ಹಾಗೇ ಇದ್ದವು.

"ಆವತ್ತು ಸಿಟ್ಟಲ್ಲಿ ಬೇರೆ ಅಂಗಡೀಲಿ ತಗಂಡೋದೆ. ಚೀಟಿ ಅಂತ ಒಂದು ಮಾತು ಕೇಳ್ಲಿಲ್ಲ. ಮನೇಲಿ ನೀರು ಇಟ್ಕಂಡು ಕೂತಿದ್ದೆ, ಮೊಮ್ಮಗಳು ನಿನ್ನ ಕವರ್ ಇಟ್ಕಂಡು ಅಕ್ಷರ ಕೂಡಿಸ್ಕಂಡು ಓದ್ತಾ ಕೂತ್ಲು. ಎರಡನೇ ಕ್ಲಾಸು. 'ತಾತ, ಕಫ ಪರೀಕ್ಷೆ ಅಂದ್ರೇನು, ನಂಗೂ ಮಾಡ್ತಾರಾ' ಅಂತು. ನಂಗೆ ನುಂಗಕ್ಕೆ ಆಗ್ಲಿಲ್ಲ ಕಣವ್ವ."

ಪರೀಕ್ಷೆಯಲ್ಲಿ ಕ್ಷಯವೆಂದೇ ಬಂದಿತ್ತು. ಕವರಿನ ಮೇಲೆ ಬರೆದದ್ದನ್ನು ನೋಡಿ, ಯಾವ ಔಷಧಿಗೆ ರೋಗಾಣು ಜಗ್ಗುತ್ತದೆಂಬ ಪರೀಕ್ಷೆಯನ್ನೂ ಮಾಡಿದ್ದರಂತೆ. ಪುಣ್ಯಕ್ಕೆ ಎಲ್ಲಕ್ಕೂ ಜಗ್ಗುವಂಥದ್ದೇ. ಆರು ತಿಂಗಳ ಮಾತ್ರೆ, ಸರ್ಕಾರದ್ದೇ. ಮಗುವನ್ನೂ ತಪಾಸಣೆ ಮಾಡಿದ್ದರು. ರೋಗ ಇಲ್ಲ, ಬಾರದಿರಲೆಂದು ಅವಳಿಗೂ ಮಾತ್ರೆ ನಡೆಯುತ್ತಿತ್ತು. ನನಗೆ ಅಳುವೇ ಬಂದುಬಿಟ್ಟಿತು, ಕಪಾಟಿನ ಕಡೆ ತಿರುಗಿಕೊಂಡೆ.

"ಮೂರಂಗಡೀಲಿ ತಗಂಡಿದೀನಿ," ಎಂದರು ಅವರು. "ಕೆಮ್ಮು ಎಷ್ಟು ದಿನದ್ದು ಅಂತ ಯಾವೋನೂ ಕೇಳ್ಲಿಲ್ಲ."

"ಆ ಮೂರರಲ್ಲಿ ಒಂದು ನಮ್ಮದೇ ಯಜಮಾನ್ರೇ. ಮೊದಲ ಸಲ ನಾನೂ ಕೇಳ್ಲಿಲ್ಲ."

ಅವರು ಮಾಸ್ಕಿನೊಳಗೇ ನಕ್ಕಿದ್ದು ಕಣ್ಣಲ್ಲಿ ಗೊತ್ತಾಯಿತು. "ಎರಡ್ನೇ ಸಲ ಕೇಳ್ದಲ್ಲ, ಬುಡವ್ವ."